ಟಿವಿಗೆ ವೈಫೈ ಸಾಕಾ, ಕೇಬಲ್ ಎಳೀಬೇಕಾ? ಗಂಟೆಗೆ ಎಷ್ಟು ಜಿಬಿ ಹೋಗುತ್ತೆ?

ಮೈಸೂರಿನಲ್ಲಿರುವ ನಮ್ಮ ಅಕ್ಕನ ಮನೆಗೆ ಹೋದಾಗಲೆಲ್ಲ ಭಾವನದು ಒಂದೇ ದೂರು. "ನೂರು ಎಂಬಿಪಿಎಸ್ ಪ್ಲಾನ್ ಹಾಕ್ಸಿದೀನಿ ಕಣೋ. ಸಿನಿಮಾ ಚೆನ್ನಾಗೇ ಬರುತ್ತೆ. ಮ್ಯಾಚ್ ನೋಡೋಕೆ ಕೂತ್ರೆ ಮಾತ್ರ ಕೊನೇ ಓವರ್‌ನಲ್ಲಿ ಸುತ್ತೋಕೆ ಶುರು ಮಾಡುತ್ತೆ." ಇಂಟರ್ನೆಟ್‌ನವರಿಗೆ ಎರಡು ಸಲ ಫೋನ್ ಮಾಡಿದ್ದರು. ಅವರು ಬಂದು ರೂಟರ್ ಪಕ್ಕ ನಿಂತು ಸ್ಪೀಡ್ ಟೆಸ್ಟ್ ಮಾಡಿ, 98 ಬಂತು ನೋಡಿ ಸಾರ್ ಎಂದು ತೋರಿಸಿ ಹೋಗಿದ್ದರು. ಅವರು ಹೇಳಿದ್ದೂ ಸುಳ್ಳಲ್ಲ, ಭಾವ ಹೇಳಿದ್ದೂ ಸುಳ್ಳಲ್ಲ. ತೊಂದರೆ ಇದ್ದದ್ದು ರೂಟರ್‌ನಿಂದ ಟಿವಿವರೆಗಿನ ಹನ್ನೊಂದು ಮೀಟರಿನಲ್ಲಿ.

ಹೋದ ಸಲ ಒಂದು ಭಾನುವಾರ ಪೂರ್ತಿ ಕೂತು ಅದನ್ನು ಸರಿ ಮಾಡಿದೆವು. ಅದೇ ಕ್ರಮದಲ್ಲಿ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇದೇ ಕಥೆ ಇದ್ದರೆ ಒಂದೊಂದಾಗಿ ಮಾಡುತ್ತಾ ಬನ್ನಿ.

ಸಿನಿಮಾ ಸರಿ ಬರುತ್ತೆ, ಮ್ಯಾಚ್ ಯಾಕೆ ನಿಲ್ಲುತ್ತೆ?

ಇದು ಅರ್ಥವಾದರೆ ಅರ್ಧ ಕೆಲಸ ಮುಗಿದ ಹಾಗೆ. ಟಿವಿಯಲ್ಲಿರುವ ಆಪ್ ವಿಡಿಯೋವನ್ನು ಒಂದೇ ಧಾರೆಯಾಗಿ ತರಿಸಿಕೊಳ್ಳುವುದಿಲ್ಲ. ಕೆಲವು ಸೆಕೆಂಡುಗಳ ಸಣ್ಣ ಸಣ್ಣ ತುಂಡುಗಳಾಗಿ ತರಿಸಿಕೊಳ್ಳುತ್ತದೆ. ನಾವು ಒಂದು ತುಂಡು ನೋಡುತ್ತಿರುವಾಗ ಮುಂದಿನವನ್ನು ತಂದು ಕೂಡಿಡುತ್ತದೆ. ಮನೆ ಮೇಲಿನ ನೀರಿನ ಟ್ಯಾಂಕ್ ಇದ್ದ ಹಾಗೆ. ನಲ್ಲಿಯಲ್ಲಿ ನೀರು ಬರುವುದು ಸ್ವಲ್ಪ ಹೊತ್ತು ನಿಂತರೂ ಟ್ಯಾಂಕ್‌ನಲ್ಲಿ ಇರುವುದರಿಂದ ನಮಗೆ ಗೊತ್ತೇ ಆಗುವುದಿಲ್ಲ.

ಸಿನಿಮಾ ಪೂರ್ತಿ ಮೊದಲೇ ಸರ್ವರ್‌ನಲ್ಲಿ ಇರುತ್ತದೆ. ಆಪ್ ಒಂದು ನಿಮಿಷದಷ್ಟು ಅಥವಾ ಅದಕ್ಕಿಂತ ಜಾಸ್ತಿ ಮುಂದಿನದನ್ನು ತುಂಬಿಟ್ಟುಕೊಳ್ಳಬಹುದು. ವೈಫೈ ಐದು ಸೆಕೆಂಡು ತಡವರಿಸಿದರೂ ಚಿತ್ರ ನಿಲ್ಲುವುದಿಲ್ಲ. ಲೈವ್ ಮ್ಯಾಚ್‌ನಲ್ಲಿ ಹಾಗಾಗುವುದಿಲ್ಲ. ಮುಂದಿನ ಬಾಲ್ ಇನ್ನೂ ಬೌಲರ್ ಕೈಯಲ್ಲೇ ಇದೆ, ಅದನ್ನು ತುಂಬಿಟ್ಟುಕೊಳ್ಳುವುದು ಹೇಗೆ? ಲೈವ್‌ನಲ್ಲಿ ಟ್ಯಾಂಕ್ ತುಂಬಾ ಚಿಕ್ಕದು. ವೈಫೈ ಕೆಲವು ಸೆಕೆಂಡು ಕೈಕೊಟ್ಟರೂ ಸಾಕು, ಮೊದಲು ಚಿತ್ರ ಮಸುಕಾಗುತ್ತದೆ, ಆಮೇಲೆ ಚಕ್ರ ಸುತ್ತುತ್ತದೆ.

ಹಾಗಾಗಿ ಟಿವಿಗೆ ಬೇಕಾಗಿರುವುದು ದೊಡ್ಡ ಸ್ಪೀಡ್ ಅಲ್ಲ, ನಿಲ್ಲದೆ ಬರುವ ಸ್ಪೀಡ್. ನೆಟ್‌ಫ್ಲಿಕ್ಸ್‌ನವರೇ ಹೇಳುವ ಲೆಕ್ಕ ನೋಡಿ: ಫುಲ್ ಎಚ್‌ಡಿಗೆ 5 ಎಂಬಿಪಿಎಸ್, 4ಕೆ ಚಿತ್ರಕ್ಕೆ 15 ಎಂಬಿಪಿಎಸ್ ಸಾಕು. ಯೂಟ್ಯೂಬ್‌ನವರು 4ಕೆಗೆ 20 ಅನ್ನುತ್ತಾರೆ. ನೂರರ ಪ್ಲಾನ್ ಇರುವ ಮನೆಯಲ್ಲಿ ಇಪ್ಪತ್ತು ಸಿಗದೆ ಹೋಗುತ್ತಾ? ಸರಾಸರಿ ನೋಡಿದರೆ ಸಿಗುತ್ತದೆ. ಆದರೆ ಮಧ್ಯೆ ಮಧ್ಯೆ ಸೊನ್ನೆಗೆ ಬಿದ್ದು ಎದ್ದರೆ ಸರಾಸರಿಯಿಂದ ಏನು ಪ್ರಯೋಜನ?

ಮೊದಲ ಹೆಜ್ಜೆ: ತಪ್ಪು ಹೊರಗಿನದಾ, ಮನೆಯೊಳಗಿನದಾ?

ಫೋನ್‌ನಲ್ಲಿ ಸ್ಪೀಡ್ ಟೆಸ್ಟ್ ಮಾಡಿದರೆ ಇದು ತಿಳಿಯುವುದಿಲ್ಲ. ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದರೆ ಅದನ್ನು ಟಿವಿ ಸ್ಟ್ಯಾಂಡ್ ಮೇಲೆ, ಟಿವಿಗೆ ಅಂಟಿಕೊಂಡ ಹಾಗೆ ಇಡಿ. ಅದೇ ವೈಫೈಗೆ ಸೇರಿಸಿ. ವಿಂಡೋಸ್ ಆದರೆ ಕಮಾಂಡ್ ಪ್ರಾಂಪ್ಟ್ ತೆಗೆದು `ipconfig` ಎಂದು ಟೈಪ್ ಮಾಡಿ. `Default Gateway` ಎಂಬ ಸಾಲಿನಲ್ಲಿ ಬರುವುದೇ ನಿಮ್ಮ ರೂಟರ್‌ನ ವಿಳಾಸ. ಸಾಮಾನ್ಯವಾಗಿ 192.168 ಎಂದು ಶುರುವಾಗುತ್ತದೆ. ಆ ವಿಳಾಸಕ್ಕೆ ನೂರು ಸಲ ಪಿಂಗ್ ಕೊಡಿ, ಅಂದರೆ ಸಣ್ಣ ಸಂದೇಶ ಕಳಿಸಿ ಉತ್ತರ ಬರುತ್ತಾ ನೋಡಿ. 192.168.1.1 ಇರುವ ಕಡೆ ನಿಮ್ಮ ರೂಟರ್‌ನ ವಿಳಾಸ ಹಾಕಿ:

```
ping -n 100 192.168.1.1
```

ಇದು ಇಂಟರ್ನೆಟ್‌ಗೆ ಹೋಗುವುದೇ ಇಲ್ಲ. ಲ್ಯಾಪ್‌ಟಾಪ್‌ನಿಂದ ರೂಟರ್‌ಗೆ ಹೋಗಿ ವಾಪಸ್ ಬರುತ್ತದೆ, ಅಷ್ಟೆ. ಅಂದರೆ ಇಲ್ಲಿ ಏನಾದರೂ ಎಡವಟ್ಟು ಕಂಡರೆ ಅದು ನಿಮ್ಮ ಮನೆಯ ವೈಫೈನದೇ.

ಅಕ್ಕನ ಮನೆಯಲ್ಲಿ ಮಾಡಿದಾಗ ಹೆಚ್ಚಿನ ಸಾಲುಗಳಲ್ಲಿ `time=3ms`, `time=4ms` ಎಂದು ಚೆನ್ನಾಗಿಯೇ ಬಂತು. ನಡುವೆ ಒಂದು ಕಡೆ 180, ಇನ್ನೊಂದು ಕಡೆ 240. ಒಟ್ಟು ನೂರರಲ್ಲಿ ನಾಲ್ಕು ಸಲ `Request timed out`. ಅದರಲ್ಲಿ ಮೂರು ಒಂದರ ಹಿಂದೆ ಒಂದು ಬಂದಿದ್ದವು. ಸ್ಕ್ರೀನ್ ಮೇಲಿನ ಆ ಮೂರು ಸಾಲನ್ನು ಭಾವನಿಗೆ ತೋರಿಸಿದೆ. "ನೋಡಿ ಭಾವ, ನಿಮ್ಮ ಕೊನೇ ಓವರ್ ಇಲ್ಲಿ ಹೋಗಿರೋದು" ಎಂದೆ. ಹತ್ತು ಹನ್ನೆರಡು ಸೆಕೆಂಡು ರೂಟರ್‌ಗೂ ಲ್ಯಾಪ್‌ಟಾಪ್‌ಗೂ ಮಾತೇ ನಡೆದಿರಲಿಲ್ಲ.

ಆಮೇಲೆ ಲ್ಯಾಪ್‌ಟಾಪನ್ನು ರೂಟರ್ ಹತ್ತಿರ ಒಯ್ದು, ಕೇಬಲ್ ಸಿಕ್ಕಿಸಿ, ಇದೇ ಕಮಾಂಡ್ ಮತ್ತೆ ಕೊಟ್ಟೆವು. ನೂರಕ್ಕೆ ನೂರೂ `time<1ms`. ಒಂದೂ ಕಳೆದುಹೋಗಲಿಲ್ಲ.

ನಿಮ್ಮ ಮನೆಯಲ್ಲಿ ಕೇಬಲ್ ಹಾಕಿ ನೋಡಿದಾಗಲೂ ವಿಡಿಯೋ ನಿಲ್ಲುತ್ತಿದ್ದರೆ, ಆಗ ತಪ್ಪು ಹೊರಗಿನ ಲೈನಿನದೋ ಆಪ್‌ನದೋ ಇರಬೇಕು. ಸಂಜೆ ಎಂಟರಿಂದ ಹತ್ತರವರೆಗೆ ಮಾತ್ರ ಹಾಗಾದರೆ ಬೀದಿಯ ಲೈನ್ ತುಂಬಿ ಹೋಗಿದೆ ಎಂದು ಅನುಮಾನಿಸಿ. ಅದಕ್ಕೆ ಮನೆಯೊಳಗೆ ಎಷ್ಟು ಕೇಬಲ್ ಎಳೆದರೂ ಪ್ರಯೋಜನವಿಲ್ಲ.

ಲ್ಯಾಪ್‌ಟಾಪ್ ಇಲ್ಲವಾ? ಟಿವಿಯ ಯೂಟ್ಯೂಬ್‌ನಲ್ಲಿ ಒಂದು ವಿಡಿಯೋ ಹಾಕಿ, ಸೆಟ್ಟಿಂಗ್ಸ್ ಗುರುತು ಒತ್ತಿ, `Stats for nerds` ಆನ್ ಮಾಡಿ. ಅಲ್ಲಿ `Buffer Health` ಎಂಬ ಸಾಲು ಬರುತ್ತದೆ. ಟ್ಯಾಂಕ್‌ನಲ್ಲಿ ಎಷ್ಟು ಸೆಕೆಂಡಿನ ವಿಡಿಯೋ ಕೂಡಿದೆ ಎಂದು ಅದು ಹೇಳುತ್ತದೆ. ಅದು ಒಂದು ಮಟ್ಟದಲ್ಲಿ ನಿಂತಿದ್ದರೆ ಒಳ್ಳೆಯದು. ಪದೇ ಪದೇ ಸೊನ್ನೆಯ ಹತ್ತಿರ ಇಳಿಯುತ್ತಿದ್ದರೆ ಟಿವಿಗೆ ಬರುವ ದಾರಿಯಲ್ಲಿ ತೊಂದರೆ ಇದೆ.

ವೈಫೈ ಯಾಕೆ ತಡವರಿಸುತ್ತೆ

ಕೇಬಲ್ ಒಳಗೆ ಇರುವುದು ಎರಡೇ ಜನ: ಈ ತುದಿಯಲ್ಲಿ ರೂಟರ್, ಆ ತುದಿಯಲ್ಲಿ ಟಿವಿ. ವೈಫೈ ಗಾಳಿಯಲ್ಲಿ ಬರುತ್ತದೆ. ಒಂದು ಚಾನೆಲ್‌ನಲ್ಲಿ ಒಂದು ಸಲಕ್ಕೆ ಒಬ್ಬರು ಮಾತ್ರ ಮಾತಾಡಬಹುದು. ಮನೆಯ ನಾಲ್ಕು ಫೋನ್, ಸಿಸಿ ಕ್ಯಾಮೆರಾ, ಪಕ್ಕದ ಮನೆಯ ರೂಟರ್, ಮೇಲಿನ ಮನೆಯ ರೂಟರ್, ಎಲ್ಲರೂ ಸರದಿ ಕಾಯಬೇಕು. ಇಬ್ಬರು ಒಟ್ಟಿಗೆ ಮಾತಾಡಿದರೆ ಇಬ್ಬರದೂ ಹಾಳು, ಮತ್ತೆ ಮೊದಲಿಂದ ಕಳಿಸಬೇಕು.

ಮನೆಯ ವೈಫೈ ಸಾಮಾನ್ಯವಾಗಿ ಎರಡು ಬ್ಯಾಂಡಿನಲ್ಲಿ ಬರುತ್ತದೆ, 2.4 ಮತ್ತು 5 ಗಿಗಾಹರ್ಟ್ಸ್. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಫೋನ್ ತೆಗೆದು ನೋಡಿದರೆ ಇಪ್ಪತ್ತು ವೈಫೈ ಹೆಸರು ಕಾಣುತ್ತವೆ. ಇಪ್ಪತ್ತು ಮನೆಯವರೂ ಆ ಮೂರರಲ್ಲೇ ನೂಕಾಡಬೇಕು. ಮೈಕ್ರೋವೇವ್ ಓವನ್, ಬ್ಲೂಟೂತ್ ಕೂಡ ಇಲ್ಲೇ ಬರುತ್ತವೆ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಜಾಸ್ತಿ, ಸ್ಪೀಡೂ ಜಾಸ್ತಿ. ಆದರೆ ಅದಕ್ಕೆ ಗೋಡೆ ದಾಟುವ ಶಕ್ತಿ ಕಡಿಮೆ.

ನಮ್ಮ ಮನೆಗಳಲ್ಲಿ ರೂಟರ್ ಎಲ್ಲಿರುತ್ತೆ ಹೇಳಿ? ಫೈಬರ್ ಒಳಗೆ ಬಂದ ಕಡೆ, ಅಂದರೆ ಮುಂಬಾಗಿಲ ಪಕ್ಕ. ಟಿವಿ ಹಿಂದಿನ ರೂಮಿನಲ್ಲಿ. ಅಕ್ಕನ ಮನೆ ಹಳೇ ಕಟ್ಟಡ, ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಎರಡು ದಾಟಬೇಕು. ದಾರಿಯಲ್ಲಿ ಕನ್ನಡಿ ಇರುವ ಕಬ್ಬಿಣದ ಬೀರು ಬೇರೆ. ಲೋಹದ ಹಲಗೆ ವೈಫೈಯನ್ನು ತಡೆದು ವಾಪಸ್ ಕಳಿಸುತ್ತದೆ. ಇನ್ನು ಟಿವಿಯ ವೈಫೈ ಆಂಟೆನಾ ಸಾಮಾನ್ಯವಾಗಿ ಇರುವುದು ಅದರ ಬೆನ್ನಿನ ಕಡೆ, ಗೋಡೆಗೆ ಮುಖ ಮಾಡಿಕೊಂಡು. ಅದೇ ಜಾಗದಲ್ಲಿ ಫೋನಿಗೆ ಸಿಗುವ ಸಿಗ್ನಲ್ ಟಿವಿಗೆ ಸಿಗದೇ ಇರುವುದಕ್ಕೆ ಇದೂ ಒಂದು ಕಾರಣ.

ಎರಡನೇ ಹೆಜ್ಜೆ: ಗೋಡೆಗೆ ಮೊಳೆ ಹೊಡೆಯುವ ಮೊದಲು ನೆಲದ ಮೇಲೆ ಎಳೆದು ನೋಡಿ

ಇದನ್ನು ಬಿಟ್ಟುಬಿಡಬೇಡಿ. ಯಾರ ಹತ್ತಿರವಾದರೂ ಉದ್ದದ ಲ್ಯಾನ್ ಕೇಬಲ್ ಕೇಳಿ ತನ್ನಿ. ಒಂದು ತುದಿಯನ್ನು ರೂಟರ್‌ನ `LAN` ಎಂದು ಬರೆದ ಪೋರ್ಟಿಗೆ, ಇನ್ನೊಂದನ್ನು ಟಿವಿ ಹಿಂದಿನ ಪೋರ್ಟಿಗೆ ಸಿಕ್ಕಿಸಿ. ಒಂದು ಸಂಜೆ ಹಾಗೇ ನೆಲದ ಮೇಲೆ ಬಿಟ್ಟು, ಪೂರ್ತಿ ಒಂದು ಲೈವ್ ಕಾರ್ಯಕ್ರಮ ನೋಡಿ. ತೊಂದರೆ ಹೋದರೆ ಆಮೇಲೆ ಗೋಡೆಯ ಕೆಲಸ. ಹೋಗದಿದ್ದರೆ ನಿಮ್ಮ ದುಡ್ಡು ಉಳಿಯಿತು.

ಸಿಕ್ಕಿಸಿದ ಮೇಲೆ ಟಿವಿಯ ನೆಟ್‌ವರ್ಕ್ ಸೆಟ್ಟಿಂಗ್‌ಗೆ ಹೋಗಿ ನೋಡಿ. ಕೆಲವು ಟಿವಿ ಕೇಬಲ್ ಕಂಡ ಕೂಡಲೇ ಅದಕ್ಕೆ ಬದಲಾಗುತ್ತವೆ. ಕೆಲವಕ್ಕೆ ನಾವೇ ಹೇಳಬೇಕು, ಇಲ್ಲದಿದ್ದರೆ ಕೇಬಲ್ ಸಿಕ್ಕಿಸಿಕೊಂಡು ಹಳೇ ವೈಫೈಯಲ್ಲೇ ನಡೆಯುತ್ತಿರುತ್ತವೆ. ಅನುಮಾನ ಇದ್ದರೆ ಟಿವಿಯಲ್ಲಿ ವೈಫೈ ಆಫ್ ಮಾಡಿಬಿಡಿ.

ಟಿವಿಯ ಎಚ್‌ಡಿಎಂಐ ಪೋರ್ಟಿಗೆ ಸ್ಟ್ರೀಮಿಂಗ್ ಸ್ಟಿಕ್ ಹಾಕಿಕೊಂಡು ನೋಡುವವರು ಒಂದು ವಿಷಯ ಗಮನಿಸಿ. ಕೇಬಲನ್ನು ಟಿವಿಗೆ ಸಿಕ್ಕಿಸಿದರೆ ಸ್ಟಿಕ್‌ಗೆ ಅದು ಸಿಗುವುದಿಲ್ಲ. ಸ್ಟಿಕ್‌ಗೆ ಬೇರೆಯೇ ಈಥರ್ನೆಟ್ ಅಡಾಪ್ಟರ್ ಬೇಕು. ನಿಮ್ಮ ಮಾಡೆಲ್‌ಗೆ ಹೊಂದುವುದನ್ನೇ ತೆಗೆದುಕೊಳ್ಳಿ.

ಮೂರನೇ ಹೆಜ್ಜೆ: ಯಾವ ಕೇಬಲ್, ಹೇಗೆ ಎಳೆಯೋದು

ಅಂಗಡಿಯಲ್ಲಿ ಕ್ಯಾಟ್ 6, ಕ್ಯಾಟ್ 7, ಕ್ಯಾಟ್ 8 ಎಂದೆಲ್ಲ ತೋರಿಸುತ್ತಾರೆ. ಟಿವಿಗೆ ಕ್ಯಾಟ್ 5ಇ ಸಾಕು. ಹೊಸದಾಗಿ ಎಳೆಯುವುದಾದರೆ ಕ್ಯಾಟ್ 6 ಹಾಕಿ, ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಎರಡೂ ನೂರು ಮೀಟರ್‌ವರೆಗೆ ನಡೆಯುತ್ತವೆ, ಮನೆಯೊಳಗೆ ದೂರದ ಚಿಂತೆ ಬೇಡ. ನೋಡಬೇಕಾದ್ದು ಬೇರೆ. ಒಳಗಿನ ತಂತಿ ಶುದ್ಧ ತಾಮ್ರವಾ ಎಂದು ಕೇಳಿ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಹಾಕಿದ ಅಗ್ಗದ ಕೇಬಲ್ ಬರುತ್ತದೆ, ಅದರ ಮೇಲೆ ಅಥವಾ ಡಬ್ಬಿಯ ಮೇಲೆ `CCA` ಎಂದಿರುತ್ತದೆ. ಅದು ಬಾಗಿಸಿದ ಕಡೆ ಬೇಗ ಮುರಿಯುತ್ತದೆ. ತುದಿಯನ್ನು ಚಾಕುವಿನಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ಬೇಡ.

ಅಳತೆ ತೆಗೆಯುವಾಗ ನೇರ ದೂರ ಅಳೆಯಬೇಡಿ. ಕೇಬಲ್ ಹೋಗುವ ದಾರಿಯಲ್ಲೇ, ಅಂದರೆ ಗೋಡೆ ಬುಡದಲ್ಲಿ, ಬಾಗಿಲ ಚೌಕಟ್ಟಿನ ಸುತ್ತ ಟೇಪ್ ಹಿಡಿಯಿರಿ. ಅಕ್ಕನ ಮನೆಯಲ್ಲಿ ನೇರ ದೂರ ಹನ್ನೊಂದು ಮೀಟರ್, ಎಳೆದದ್ದು ಹದಿನೇಳು. ಎರಡೂ ಕಡೆ ಒಂದೊಂದು ಮೀಟರ್ ಸಡಿಲ ಬಿಟ್ಟು ಹತ್ತೊಂಬತ್ತು ಕೊಂಡೆವು.

ಕರೆಂಟ್ ವೈರ್ ಹೋಗುವ ಪೈಪಿನೊಳಗೇ ಲ್ಯಾನ್ ಕೇಬಲ್ ತೂರಿಸಬೇಡಿ. ಎಲೆಕ್ಟ್ರಿಷಿಯನ್ ಸುಲಭ ಎಂದು ಹಾಗೆ ಮಾಡಲು ಬಂದರೆ ಬೇಡ ಎನ್ನಿ. ಒಳಗಿನ ಕರೆಂಟ್ ವೈರ್‌ನ ಪ್ಲಾಸ್ಟಿಕ್ ಎಲ್ಲಾದರೂ ಸುಲಿದಿದ್ದರೆ 230 ವೋಲ್ಟ್ ನಿಮ್ಮ ಟಿವಿಗೆ ಬರಬಹುದು. ಗೋಡೆ ಬುಡದಲ್ಲಿ ಪ್ಲಾಸ್ಟಿಕ್ ಪಟ್ಟಿ ಹೊಡೆಸಿ, ಅದರೊಳಗೆ ಹಾಕಿ. ಮೂಲೆಯಲ್ಲಿ ಚೂಪಾಗಿ ಮಡಚಬೇಡಿ, ಸ್ವಲ್ಪ ಗುಂಡಗೆ ತಿರುಗಿಸಿ.

ಇನ್ನೊಂದು ಮಾತು, ಮಲೆನಾಡಿನವರು ಕರಾವಳಿಯವರು ಗಮನಿಸಬೇಕಾದ್ದು. ಲ್ಯಾನ್ ಕೇಬಲ್ ತಾಮ್ರದ್ದು. ಅದನ್ನು ಮನೆ ಹೊರಗಿಂದ, ತಾರಸಿ ಮೇಲಿಂದ ಅಥವಾ ಪಕ್ಕದ ಕಟ್ಟಡಕ್ಕೆ ಎಳೆದರೆ ಸಿಡಿಲು ಬಡಿದಾಗ ಎರಡೂ ಕಡೆಯ ಪೆಟ್ಟಿಗೆ ಸುಡಬಹುದು. ಬೀದಿಯಿಂದ ಬರುವ ಫೈಬರ್ ಗಾಜಿನ ಎಳೆ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಅದೇ ಧೈರ್ಯವನ್ನು ಲ್ಯಾನ್ ಕೇಬಲ್ ಮೇಲೆ ಇಡಬೇಡಿ. ಮನೆಯೊಳಗೇ ಎಳೆಯಿರಿ. ಗುಡುಗು ಶುರುವಾದಾಗ ಟಿವಿ, ರೂಟರ್ ಎರಡರ ಪ್ಲಗ್ಗೂ ತೆಗೆಯಿರಿ.

ತುದಿಗೆ ಕನೆಕ್ಟರ್ ಇರುವ ಸಿದ್ಧ ಕೇಬಲ್ ಸಿಕ್ಕಿದರೆ ಅದೇ ಸುಲಭ. ಗೋಡೆಯ ತೂತಿನಲ್ಲಿ ತೂರಿಸಬೇಕಾದರೆ ಮಾತ್ರ ತುದಿಯನ್ನು ಆಮೇಲೆ ಕ್ರಿಂಪ್ ಮಾಡಿಸಬೇಕಾಗುತ್ತದೆ, ಅಂದರೆ ಕನೆಕ್ಟರನ್ನು ಒತ್ತಿ ಕೂರಿಸಬೇಕಾಗುತ್ತದೆ. ಎಂಟು ಎಳೆಗಳ ಕ್ರಮ ಎರಡೂ ಕಡೆ ಒಂದೇ ಇರಬೇಕು. ಎಲ್ಲರೂ ಹಾಕುವ ಕ್ರಮ ಇದು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಕನೆಕ್ಟರ್‌ನ ಚಿಮ್ಮುವ ಕಡ್ಡಿ ಕೆಳಗೆ ಬರುವಂತೆ, ಪೋರ್ಟಿಗೆ ಸಿಕ್ಕಿಸುವ ತುದಿ ನಿಮ್ಮಿಂದ ಆಚೆ ಇರುವಂತೆ ಹಿಡಿದರೆ ಎಡದಿಂದ ಬಲಕ್ಕೆ ಈ ಕ್ರಮ ಕಾಣಬೇಕು.

ಕೇಬಲ್ ಹಾಕಿದ ಮೇಲೆ ಸ್ಪೀಡ್ ಕಡಿಮೆ ತೋರಿಸಿದರೆ ಗಾಬರಿ ಬೇಡ

ಹೊಸ ಕೇಬಲ್ ಹಾಕಿ ಟಿವಿಯಲ್ಲಿ ಸ್ಪೀಡ್ ತೋರಿಸುವ fast.com ತೆಗೆದು ನೋಡಿದವರು ಬೇಸರ ಮಾಡಿಕೊಳ್ಳುವುದುಂಟು. 300 ಎಂಬಿಪಿಎಸ್ ಪ್ಲಾನ್ ಇದ್ದು, ವೈಫೈಯಲ್ಲಿ 180 ಬರುತ್ತಿದ್ದದ್ದು ಕೇಬಲ್‌ನಲ್ಲಿ 94ಕ್ಕೆ ನಿಂತಿರುತ್ತದೆ. ಇದು ಕೇಬಲ್ ತಪ್ಪಲ್ಲ. ಬಹುತೇಕ ಟಿವಿಗಳಲ್ಲಿ, ದುಬಾರಿಯವುಗಳಲ್ಲೂ, ಇರುವುದು 100 ಎಂಬಿಪಿಎಸ್‌ನ ಲ್ಯಾನ್ ಪೋರ್ಟ್. ಅದರಲ್ಲಿ ಸಿಗುವುದೇ ಸುಮಾರು 94. ನಿಮಗೆ ಬೇಕಾಗಿರುವುದು 15ರಿಂದ 20. ಒಮ್ಮೆ 180, ಒಮ್ಮೆ 6 ಆಗುವ ವೈಫೈಗಿಂತ ಸದಾ 94ರಲ್ಲಿ ನಿಲ್ಲುವ ಕೇಬಲ್ ಮೇಲು. ಅಕ್ಕನ ಮನೆಯಲ್ಲೂ 94 ಬಂತು. ಹಾಕಿದ ಮೇಲೆ ಪೂರ್ತಿ ಒಂದು ಮ್ಯಾಚ್ ನೋಡಿದೆವು, ಚಕ್ರ ಒಂದು ಸಲವೂ ಕಾಣಲಿಲ್ಲ.

94ರ ಬದಲು ಹತ್ತರ ಒಳಗೆ ನಿಂತರೆ ಅಥವಾ ಸಂಪರ್ಕವೇ ಬರದಿದ್ದರೆ ಕ್ರಿಂಪ್ ನೋಡಿ. ಟಿವಿಯ ನೆಟ್‌ವರ್ಕ್ ಪುಟದಲ್ಲಿ ವಿಳಾಸ 169.254 ಎಂದು ಶುರುವಾಗಿದ್ದರೆ ರೂಟರ್ ಇನ್ನೂ ಟಿವಿಗೆ ವಿಳಾಸ ಕೊಟ್ಟಿಲ್ಲ ಎಂದರ್ಥ. ಎರಡೂ ತುದಿ ತೆಗೆದು ಟಕ್ ಎನ್ನುವವರೆಗೆ ಒತ್ತಿ ಸಿಕ್ಕಿಸಿ, ರೂಟರನ್ನೂ ಟಿವಿಯನ್ನೂ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಅದಕ್ಕೂ ಬಗ್ಗದಿದ್ದರೆ ರೂಟರ್‌ನ ಬೇರೆ ಪೋರ್ಟಿಗೆ ಬದಲಿಸಿ ನೋಡಿ.

ಬಾಡಿಗೆ ಮನೆ, ಕೇಬಲ್ ಎಳೆಯೋಕಾಗಲ್ಲ ಅನ್ನುವವರಿಗೆ

ಆಗ ವೈಫೈಯನ್ನೇ ಸರಿ ಮಾಡಿಕೊಳ್ಳಬೇಕು. ಖರ್ಚಿಲ್ಲದ ಕೆಲಸ ಮೊದಲು. ರೂಟರ್ ಬೀರುವಿನ ಹಿಂದೆ, ಟಿವಿ ಕ್ಯಾಬಿನೆಟ್ ಒಳಗೆ, ನೆಲದ ಮೇಲೆ ಇದ್ದರೆ ತೆಗೆದು ಎತ್ತರದಲ್ಲಿ, ಬಾಗಿಲು ಇರುವ ನೇರಕ್ಕೆ ಇಡಿ. ಗೋಡೆ ದಾಟುವ ಬದಲು ಬಾಗಿಲಿಂದ ಬರಲಿ. ಫೈಬರ್ ವೈರನ್ನು ಎಳೆದಾಡಬೇಡಿ. ಅದನ್ನು ಚೂಪಾಗಿ ಮಡಚಿದರೆ ಸಿಗ್ನಲ್ ಸೋರುತ್ತದೆ, ಒಳಗಿನ ಗಾಜು ಮುರಿಯಲೂಬಹುದು.

ಎರಡನೆಯದು, ಟಿವಿಯನ್ನು 5 ಗಿಗಾಹರ್ಟ್ಸ್‌ನ ವೈಫೈ ಹೆಸರಿಗೆ ಸೇರಿಸಿ. ರೂಟರ್ ಮತ್ತು ಟಿವಿ ಒಂದೇ ಹಾಲ್‌ನಲ್ಲಿದ್ದರೆ ಇಷ್ಟೇ ಸಾಕು, ಕೇಬಲ್ ಬೇಡವೇ ಬೇಡ. ಮಧ್ಯೆ ಎರಡು ಗೋಡೆ ಇದ್ದರೆ ಎರಡೂ ಹೆಸರಿನಲ್ಲಿ ಆ ಪಿಂಗ್ ಪರೀಕ್ಷೆ ಮಾಡಿ, ಯಾವುದರಲ್ಲಿ ಕಡಿಮೆ ಕಳೆದುಹೋಗುತ್ತದೋ ಅದನ್ನಿಡಿ. ಸ್ಟಿಕ್ ಬಳಸುವವರು ಡಬ್ಬಿಯಲ್ಲಿ ಬಂದ ಗೇಣುದ್ದದ ಎಚ್‌ಡಿಎಂಐ ತುಂಡನ್ನು ಎಸೆದಿರಬಾರದು. ಅದರಿಂದ ಸ್ಟಿಕ್ ಟಿವಿಯ ಬೆನ್ನಿನಿಂದ ಸ್ವಲ್ಪ ಹೊರಗೆ ಬರುತ್ತದೆ, ಸಿಗ್ನಲ್ ಎದ್ದು ಕಾಣುವಷ್ಟು ಸುಧಾರಿಸುತ್ತದೆ.

ವೈಫೈಯನ್ನು ಹಿಡಿದು ಮುಂದಕ್ಕೆ ಕಳಿಸುವ ರಿಪೀಟರ್ ಕೊಳ್ಳುವವರು ಅದನ್ನು ಟಿವಿ ಪಕ್ಕ ಇಡುತ್ತಾರೆ. ಅಲ್ಲಿ ಸಿಗ್ನಲ್ ಸಿಗುತ್ತಿಲ್ಲ ಎಂದೇ ಅಲ್ವಾ ತಂದಿದ್ದು? ಅದಕ್ಕೆ ಸಿಗುವುದೂ ಅದೇ ಹರಕು ಸಿಗ್ನಲ್. ರೂಟರ್‌ಗೂ ಟಿವಿಗೂ ಮಧ್ಯದ ಜಾಗದಲ್ಲಿಡಿ. ಒಂದೇ ಬ್ಯಾಂಡಿನ ಅಗ್ಗದ ರಿಪೀಟರ್ ಕೇಳಿದ್ದನ್ನೇ ಮತ್ತೆ ಹೇಳಬೇಕಾದ್ದರಿಂದ ಸ್ಪೀಡ್ ಸುಮಾರು ಅರ್ಧಕ್ಕಿಳಿಯುತ್ತದೆ, ಇದನ್ನೂ ಲೆಕ್ಕಕ್ಕೆ ಹಿಡಿದುಕೊಳ್ಳಿ.

ಇನ್ನು ಡೇಟಾ ಲೆಕ್ಕ

ಕೇಬಲ್ ಹಾಕಿ ಮುಗಿಸಿದ ಮೇಲೆ ಅಕ್ಕ ಕೇಳಿದಳು, "ವೈರ್ ಹಾಕಿದ್ರೆ ಡೇಟಾ ಜಾಸ್ತಿ ತಿನ್ನುತ್ತಂತೆ, ಹೌದಾ?" ಒಳ್ಳೆಯ ಪ್ರಶ್ನೆ. ಡೇಟಾ ಎಷ್ಟು ಹೋಗುತ್ತದೆ ಎನ್ನುವುದು ವೈರಿಗೂ ವೈಫೈಗೂ ಸಂಬಂಧಿಸಿದ್ದಲ್ಲ, ಚಿತ್ರದ ಗುಣಮಟ್ಟಕ್ಕೆ ಸಂಬಂಧಿಸಿದ್ದು. ಆದರೆ ಅವಳು ಕೇಳಿದ್ದರಲ್ಲೂ ಒಂದು ನಿಜ ಇದೆ. ವೈಫೈ ತಡವರಿಸಿದಾಗ ಆಪ್ ತಾನಾಗಿ ಚಿತ್ರವನ್ನು ಕೆಳಗಿಳಿಸಿ, ಕಡಿಮೆ ಡೇಟಾದಲ್ಲಿ ಹೇಗೋ ನಡೆಸುತ್ತಿರುತ್ತದೆ. ಕೇಬಲ್ ಬಂದ ಮೇಲೆ ತಡೆ ಇಲ್ಲ, ಸೀದಾ ಮೇಲಿನ ಗುಣಮಟ್ಟಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ. ತಿಂಗಳ ಕೊನೆಯಲ್ಲಿ ಲೆಕ್ಕ ನೋಡಿದರೆ ಜಾಸ್ತಿ ಕಾಣುತ್ತದೆ. ನೀವು ದುಡ್ಡು ಕೊಟ್ಟ ಚಿತ್ರ ಈಗ ಸಿಗುತ್ತಿದೆ, ಅಷ್ಟೆ.

ಲೆಕ್ಕ ಹಾಕುವುದು ಸುಲಭ. ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಎಷ್ಟು ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಗಂಟೆಗೆ 3600 ಸೆಕೆಂಡು. 3600ನ್ನು 8ರಿಂದ ಭಾಗಿಸಿದರೆ 450. ಅಂದರೆ 1 ಎಂಬಿಪಿಎಸ್‌ನ ವಿಡಿಯೋ ಒಂದು ಗಂಟೆ ಓಡಿದರೆ 450 ಎಂಬಿ, ಹೆಚ್ಚು ಕಡಿಮೆ ಅರ್ಧ ಜಿಬಿ.

```
ಗಂಟೆಗೆ ಜಿಬಿ = ವಿಡಿಯೋದ Mbps × 0.45
```

ಇಲ್ಲಿ ಹಾಕಬೇಕಾದ್ದು ವಿಡಿಯೋದ ಎಂಬಿಪಿಎಸ್, ನಿಮ್ಮ ಪ್ಲಾನಿನದಲ್ಲ. ಪ್ಲಾನ್ 100 ಇರಲಿ 300 ಇರಲಿ, 5 ಎಂಬಿಪಿಎಸ್‌ನ ವಿಡಿಯೋ ಎಳೆಯುವುದು 5ರಷ್ಟೇ. ಫುಲ್ ಎಚ್‌ಡಿಗೆ 5 ಎಂದಿಟ್ಟುಕೊಂಡರೆ ಗಂಟೆಗೆ 2.25 ಜಿಬಿ. 4ಕೆಗೆ 15 ಎಂದರೆ 6.75 ಜಿಬಿ. ನೆಟ್‌ಫ್ಲಿಕ್ಸ್‌ನವರು ಕೊಡುವ ಅಂಕಿ ಇದಕ್ಕೆ ಹೊಂದುತ್ತದೆ: ಎಚ್‌ಡಿಗೆ ಗಂಟೆಗೆ 3 ಜಿಬಿವರೆಗೆ, 4ಕೆಗೆ 7 ಜಿಬಿವರೆಗೆ. ಅವರ ಮಧ್ಯಮ ಗುಣಮಟ್ಟದಲ್ಲಿ 0.7 ಜಿಬಿ, ಕಡಿಮೆಯದರಲ್ಲಿ 0.3 ಜಿಬಿ. ಇವು ಮೇಲಿನ ಮಿತಿ ಅಥವಾ ಅಂದಾಜು ಎಂದು ತಿಳಿಯಿರಿ. ಮಾತುಕತೆಯ ದೃಶ್ಯಕ್ಕೆ ಕಡಿಮೆ ಹೋಗುತ್ತದೆ, ಕ್ರಿಕೆಟ್ ಮೈದಾನದ ಹುಲ್ಲು, ಜನ, ಓಟ ಇರುವಲ್ಲಿ ಜಾಸ್ತಿ ಹೋಗುತ್ತದೆ.

ಮನೆಗೆ ಫೈಬರ್ ಇರುವವರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಹಲವು ಮನೆ ಪ್ಲಾನ್‌ಗಳಲ್ಲಿ ತಿಂಗಳಿಗೆ 3300 ಜಿಬಿವರೆಗೆ ಪೂರ್ತಿ ಸ್ಪೀಡ್ ಇರುತ್ತದೆ, ಅದು ಮುಗಿದ ಮೇಲೆ ನಿಧಾನ ಮಾಡುತ್ತಾರೆ. ಅಕ್ಕನ ಮನೆಯ ಲೆಕ್ಕ ಹೀಗೆ ಬಂತು. ದಿನಾ ನಾಲ್ಕು ಗಂಟೆ ಎಚ್‌ಡಿ, ಗಂಟೆಗೆ 3 ಜಿಬಿ ಎಂದು ಧಾರಾಳವಾಗಿ ಹಿಡಿದರೂ ತಿಂಗಳಿಗೆ 360. ಶನಿವಾರ ಭಾನುವಾರ ಎರಡೂವರೆ ಗಂಟೆಯ ಒಂದೊಂದು 4ಕೆ ಸಿನಿಮಾ, ತಿಂಗಳಿಗೆ ಎಂಟು, ಒಂದಕ್ಕೆ 17.5 ಜಿಬಿಯಂತೆ 140. ಒಟ್ಟು 500 ಜಿಬಿ. ಮಿತಿಯ ಆರನೇ ಒಂದು ಭಾಗವೂ ಆಗಲಿಲ್ಲ.

ಚಿಂತೆ ಮಾಡಬೇಕಾದವರು ಫೋನ್ ಹಾಟ್‌ಸ್ಪಾಟ್‌ನಲ್ಲಿ ಟಿವಿ ನೋಡುವವರು. ಫೈಬರ್ ಬರದ ಹಳ್ಳಿಯ ಮನೆಗಳಲ್ಲಿ, ಹಾಸ್ಟೆಲ್ ರೂಮುಗಳಲ್ಲಿ ಇದು ಸಾಮಾನ್ಯ. ದಿನಕ್ಕೆ 2 ಜಿಬಿಯ ರೀಚಾರ್ಜ್ ಇದೆ ಎಂದುಕೊಳ್ಳಿ. 4ಕೆಯಲ್ಲಿ ಅದು 17 ನಿಮಿಷಕ್ಕೆ ಖಾಲಿ. ಫುಲ್ ಎಚ್‌ಡಿಯಲ್ಲಿ ಒಂದು ಗಂಟೆಗೂ ಬರುವುದಿಲ್ಲ. 0.7 ಜಿಬಿಯ ಮಧ್ಯಮ ಗುಣಮಟ್ಟದಲ್ಲಿ ಹತ್ತಿರ ಹತ್ತಿರ ಮೂರು ಗಂಟೆ, ಒಂದು ಪೂರ್ತಿ ಸಿನಿಮಾ ಮುಗಿಯುತ್ತದೆ. ಫೋನ್‌ನ ಚಿಕ್ಕ ಪರದೆಯಲ್ಲಿ ಕಡಿಮೆ ಗುಣಮಟ್ಟಕ್ಕೆ ಒಗ್ಗಿಕೊಂಡವರು ಅದೇ ಹಾಟ್‌ಸ್ಪಾಟನ್ನು ಟಿವಿಗೆ ಕೊಟ್ಟಾಗ ಡೇಟಾ ಎಲ್ಲಿ ಹೋಯಿತು ಎಂದು ಹುಡುಕುತ್ತಾರೆ. ಟಿವಿ ದೊಡ್ಡ ಪರದೆ, ಆಪ್ ಅದಕ್ಕೆ ತಕ್ಕ ದೊಡ್ಡ ಚಿತ್ರವನ್ನೇ ಕೇಳುತ್ತದೆ.

ನೆಟ್‌ಫ್ಲಿಕ್ಸ್‌ನಲ್ಲಿ ಇದನ್ನು ತಗ್ಗಿಸುವುದು ಟಿವಿಯಿಂದಲ್ಲ. ಬ್ರೌಸರ್‌ನಲ್ಲಿ ಅಕೌಂಟ್ ತೆಗೆದು, ನಿಮ್ಮ ಪ್ರೊಫೈಲ್‌ನ `Playback settings` ಒಳಗೆ `Medium` ಆರಿಸಿ. ಯೂಟ್ಯೂಬ್‌ನಲ್ಲಿ ವಿಡಿಯೋ ಓಡುತ್ತಿರುವಾಗಲೇ `Quality` ಒತ್ತಿ 480p ಇಡಬಹುದು.

ನಿಮ್ಮ ಟಿವಿ ನಿಜಕ್ಕೂ ಎಷ್ಟು ತಿನ್ನುತ್ತದೆ ಎಂದು ನೀವೇ ಅಳೆಯಬಹುದು. ಹಾಟ್‌ಸ್ಪಾಟ್ ಆದರೆ ಫೋನ್‌ನ ಡೇಟಾ ಲೆಕ್ಕ, ಫೈಬರ್ ಆದರೆ ಇಂಟರ್ನೆಟ್ ಕಂಪನಿಯ ಆಪ್ ನೋಡಿ ಅಂಕಿ ಬರೆದುಕೊಳ್ಳಿ. ಬೇರೆ ಫೋನ್‌ಗಳ ವೈಫೈ ಆಫ್ ಮಾಡಿ. ಒಂದು ಗಂಟೆ ಪೂರ್ತಿ ನೋಡಿ, ಮತ್ತೆ ಅಂಕಿ ನೋಡಿ. ಫೈಬರ್ ಆಪ್‌ಗಳಲ್ಲಿ ಅಂಕಿ ಬದಲಾಗಲು ಸ್ವಲ್ಪ ತಡವಾಗಬಹುದು, ಹಾಗಾಗಿ ಮಾರನೇ ದಿನ ನೋಡಿದರೂ ಆಯಿತು. ಐದು ನಿಮಿಷ ನೋಡಿ ಹನ್ನೆರಡರಿಂದ ಗುಣಿಸಬೇಡಿ. ಶುರುವಿನಲ್ಲಿ ಆಪ್ ಟ್ಯಾಂಕ್ ತುಂಬಿಸಿಕೊಳ್ಳುತ್ತಿರುತ್ತದೆ, ಆಗ ಎಳೆಯುವುದು ಜಾಸ್ತಿ, ಲೆಕ್ಕ ತಪ್ಪಾಗಿ ಮೇಲೆ ಹೋಗುತ್ತದೆ.

ಅಕ್ಕನ ಮನೆಯಲ್ಲಿ ಹೀಗೆ ಅಳೆದಾಗ ಇನ್ನೊಂದು ಸಿಕ್ಕಿತು. ರಾತ್ರಿ ಹನ್ನೊಂದಕ್ಕೆ ಎಲ್ಲರೂ ಮಲಗಿದ ಮೇಲೂ ಅಂಕಿ ಏರುತ್ತಿತ್ತು. ಸೆಟ್‌ಟಾಪ್ ಬಾಕ್ಸಿನಲ್ಲಿ ಯೂಟ್ಯೂಬ್ ಭಜನೆ ಹಾಕಿ ಟಿವಿಯನ್ನು ಮಾತ್ರ ಆಫ್ ಮಾಡುತ್ತಿದ್ದರು. ಬಾಕ್ಸ್ ಆನ್ ಇರುತ್ತಿತ್ತು. ಒಂದು ಮುಗಿದ ಮೇಲೆ ಒಂದು, ಕತ್ತಲ ಪರದೆಯ ಹಿಂದೆ ಓಡುತ್ತಲೇ ಇತ್ತು. ಈಗ ಯೂಟ್ಯೂಬ್‌ನ ಆಟೋಪ್ಲೇ ಆಫ್ ಮಾಡಿದ್ದಾರೆ, ಮಲಗುವ ಮೊದಲು ರಿಮೋಟ್‌ನಲ್ಲಿ ಹೋಮ್ ಒತ್ತಿ ಬಾಕ್ಸನ್ನೂ ಆಫ್ ಮಾಡುತ್ತಾರೆ.